ಕಾಫಿ ಬೆಲೆಯೋ, ಕಾಫಿ ಬೆಳೆಯೋ: ಕನ್ನಡ ಶೀರ್ಷಿಕೆಗೆ ಸ್ಲಗ್ ಆರಿಸುವ ಬಗೆ

ಬೆಳೆಗಾರರೊಬ್ಬರು ತಮ್ಮ ವೆಬ್‌ಸೈಟಿಗೆ "ಕೊಡಗಿನ ಕಾಫಿ ತೋಟದಲ್ಲಿ ಕರಿಮೆಣಸು ಬಳ್ಳಿ" ಅಂತ ಒಂದು ಬರಹ ಹಾಕಿದ್ದರು. ಬಳ್ಳಿ ಯಾವ ಮರಕ್ಕೆ ಹಬ್ಬಿಸಬೇಕು, ನೆರಳು ಎಷ್ಟಿರಬೇಕು ಅನ್ನುವ ಒಳ್ಳೆಯ ಮಾಹಿತಿ ಅದರಲ್ಲಿತ್ತು. ಲಿಂಕ್ ಮಾತ್ರ "ಕೊಡಗಿನ-ಕಾಫಿ-ತೋಟದಲ್ಲಿ-ಕರಿ" ಅನ್ನುವಲ್ಲಿಗೆ ನಿಂತುಬಿಟ್ಟಿತ್ತು. ಕರಿ ಅಂದರೆ ಹಳಗನ್ನಡದಲ್ಲಿ ಆನೆ. ಅವರು ಫೋನ್ ಮಾಡಿ ನಕ್ಕರು: "ತೋಟಕ್ಕೆ ಆನೆ ಬರೋದು ನಮಗೇನೂ ಹೊಸದಲ್ಲ ಮಾರಾಯ, ಈಗ ಲಿಂಕಿಗೂ ಬಂತಲ್ಲ!"

ಮಡಿಕೇರಿಯ ಸುತ್ತಮುತ್ತ ಹೋಮ್‌ಸ್ಟೇ, ತೋಟ, ಊರಿನ ಸುದ್ದಿ ಅಂತ ಸಣ್ಣ ಸಣ್ಣ ಸೈಟುಗಳನ್ನು ನೋಡಿಕೊಳ್ಳುವ ನನಗೆ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಲಿಂಕಿನ ಕೊನೆಯಲ್ಲಿ ಬರುವ ಆ ಹೆಸರಿನ ತುಂಡನ್ನು, ಅಂದರೆ ಸ್ಲಗ್ಗನ್ನು, ಕನ್ನಡದಲ್ಲೇ ಇಡುವುದೋ, ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುವುದೋ, ಇಂಗ್ಲಿಷಿಗೆ ಅನುವಾದಿಸುವುದೋ, ಇಲ್ಲಾ ಬರೀ ನಂಬರ್ ಹಾಕಿ ಸುಮ್ಮನಾಗುವುದೋ? ನಾಲ್ಕನ್ನೂ ಒಂದೊಂದು ಸೈಟಿನಲ್ಲಿ ಮಾಡಿ ನೋಡಿದ್ದೇನೆ. ನಾಲ್ಕಕ್ಕೂ ಅದರದರ ಜಾಗ ಇದೆ.

ಆರಿಸುವ ಮುಂಚೆ ಏನನ್ನು ಅಳೆಯುತ್ತಿದ್ದೇವೆ ಅನ್ನುವುದು ಸ್ಪಷ್ಟವಾಗಬೇಕು. ನಾನು ಕೇಳಿಕೊಳ್ಳುವುದು ಇಷ್ಟು. ಒಂದು, ಲಿಂಕನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ ಓದಲು ಬರುತ್ತದೆಯೇ? ಎರಡು, ಬೇರೆ ಬೇರೆ ಬರಹಗಳಿಗೆ ಬೇರೆ ಬೇರೆ ಸ್ಲಗ್ ಸಿಗುತ್ತದೆಯೇ, ಒಂದೇ ಶೀರ್ಷಿಕೆಗೆ ಯಾವಾಗಲೂ ಒಂದೇ ಸ್ಲಗ್ ಬರುತ್ತದೆಯೇ? ಮೂರು, ಫೋನಿನಲ್ಲಿ ಬಾಯಿಮಾತಲ್ಲಿ ಹೇಳಲು, ಬೋರ್ಡಿನ ಮೇಲೆ ಬರೆಸಲು ಆಗುತ್ತದೆಯೇ? ನಾಲ್ಕು, ದಿನಾ ಅದರ ಹಿಂದೆ ಯಾರು ಕೂರಬೇಕು? ಈ ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ, ಆದರೆ ಕೊನೆಗೆ ತೀರ್ಮಾನವಾಗುವುದು ಹೆಚ್ಚಾಗಿ ಅದರ ಮೇಲೆಯೇ.

ಮೊದಲು ಕನ್ನಡವನ್ನು ಕನ್ನಡದಲ್ಲೇ ಇಡುವ ದಾರಿ ನೋಡೋಣ. ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಇದರಷ್ಟು ಚೆಂದ ಬೇರೆ ಯಾವುದೂ ಕಾಣುವುದಿಲ್ಲ. ಓದುಗರ ಭಾಷೆಯ ಪದಗಳನ್ನೇ ಲಿಂಕಿನಲ್ಲಿ ಬಳಸಿ ಎಂದು ಗೂಗಲ್ ಕೂಡ ಹೇಳುತ್ತದೆ, ಹಾಗಾಗಿ ಹುಡುಕಾಟದಲ್ಲಿ ಹಿಂದೆ ಬೀಳುತ್ತೇವೆ ಅನ್ನುವ ಭಯ ಬೇಡ. ತೊಂದರೆ ಶುರುವಾಗುವುದು ಲಿಂಕು ಬ್ರೌಸರಿನಿಂದ ಹೊರಗೆ ಕಾಲಿಟ್ಟಾಗ. ಯುಆರ್‌ಎಲ್‌ನಲ್ಲಿ ನಿಜಕ್ಕೂ ಓಡಾಡುವುದು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳು. ಉಳಿದದ್ದೆಲ್ಲ ಯುಟಿಎಫ್-8 ಬೈಟುಗಳಾಗಿ ಒಡೆದು, ಪ್ರತಿ ಬೈಟಿನ ಮುಂದೆ ಶೇಕಡಾ ಚಿಹ್ನೆ ಹಾಕಿಕೊಂಡು ಹೋಗುತ್ತದೆ. "ಕೊಡಗು" ಅನ್ನುವ ಮೂರು ಅಕ್ಷರದ ಪದ ಕಂಪ್ಯೂಟರಿಗೆ ಐದು ಸಂಕೇತ: ಕ, ಒತ್ವ, ಡ, ಗ, ಉತ್ವ. ಒಂದೊಂದು ಸಂಕೇತಕ್ಕೆ ಮೂರು ಬೈಟು, ಒಂದೊಂದು ಬೈಟಿಗೆ ಮೂರು ಚಿಹ್ನೆ. ಒಟ್ಟು 45.

```
ಕೊಡಗು
%E0%B2%95%E0%B3%8A%E0%B2%A1%E0%B2%97%E0%B3%81
```

ನಕಲು ಮಾಡಿ ವಾಟ್ಸಾಪಿಗೋ ಇಮೇಲಿಗೋ ಅಂಟಿಸಿದಾಗ ಎಷ್ಟೋ ಸಲ ಬರುವುದು ಈ ಎರಡನೇ ಸಾಲು. ಮೆಣಸಿನ ಬಳ್ಳಿಯ ಶೀರ್ಷಿಕೆಯಲ್ಲಿ ಇಂಥ 31 ಸಂಕೇತಗಳಿವೆ, ನಡುವೆ ನಾಲ್ಕು ಅಡ್ಡಗೆರೆ. ಲೆಕ್ಕ ಹಾಕಿದರೆ 283. ಅದನ್ನು ಕಂಡವರು ಮೋಸದ ಲಿಂಕು ಅಂತ ಮುಟ್ಟದೇ ಬಿಟ್ಟರೆ ತಪ್ಪು ಅವರದಲ್ಲ. ಕ್ಯೂಆರ್ ಮಾಡಿಸಿ ಗೇಟಿಗೆ ಹಾಕಿದರೂ ಚೌಕಗಳು ಅಷ್ಟೇ ದಟ್ಟವಾಗಿ, ಮಳೆಗಾಲದಲ್ಲಿ ಪಾಚಿ ಹಿಡಿದ ಬೋರ್ಡಿನಿಂದ ಫೋನು ಅದನ್ನು ಓದಲು ತಿಣುಕುತ್ತದೆ.

ಆನೆ ಬಂದದ್ದು ಹೇಗೆ ಅನ್ನುವುದೂ ಇದೇ ಲೆಕ್ಕದಲ್ಲಿದೆ. ವರ್ಡ್‌ಪ್ರೆಸ್‌ನಲ್ಲಿ ಸ್ಲಗ್ಗಿಗೆ ಇರುವ ಜಾಗ 200 ಚಿಹ್ನೆ, ಅದೂ ಶೇಕಡಾ ರೂಪದಲ್ಲಿ ಎಣಿಸಿ. "ಕೊಡಗಿನ-ಕಾಫಿ-ತೋಟದಲ್ಲಿ-" ಅನ್ನುವಷ್ಟಕ್ಕೇ 165 ಮುಗಿಯುತ್ತದೆ. ಉಳಿದ 35ರಲ್ಲಿ ಒಂಬತ್ತರಂತೆ ಮೂರೇ ಸಂಕೇತ ಹಿಡಿಸುತ್ತವೆ: ಕ, ರ, ಇತ್ವ. ನಾಲ್ಕನೆಯದಾದ "ಮ" ಸೇರಿಸಿದರೆ 201 ಆಗುತ್ತದೆ, ಅಲ್ಲಿಗೆ ಕತ್ತರಿ. ಅಂದರೆ ಕನ್ನಡ ಸ್ಲಗ್ಗು ಸುಮಾರು 22 ಸಂಕೇತಗಳಲ್ಲಿ ಮುಗಿಯಬೇಕು, ನಮ್ಮ ಲೆಕ್ಕದಲ್ಲಿ ಹತ್ತು ಹನ್ನೆರಡು ಅಕ್ಷರ. ಕನ್ನಡದಲ್ಲೇ ಇಡುವವರು ಶೀರ್ಷಿಕೆಯನ್ನು ಇದ್ದ ಹಾಗೆ ಬಿಡದೆ "ತೋಟದ-ಕರಿಮೆಣಸು" ಅಂತ ಎರಡು ಪದವನ್ನು ಕೈಯಲ್ಲೇ ಬರೆದುಬಿಟ್ಟರೆ ಈ ಗೋಳಿಲ್ಲ.

ಇನ್ನೊಂದು ಗೋಳು ಕಣ್ಣಿಗೆ ಕಾಣುವುದಿಲ್ಲ. ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಅಂತ ಎರಡಾಗಿ ಒಡೆದೂ ಬರೆಯಬಹುದು. ಪರದೆಯ ಮೇಲೆ ಎರಡೂ "ಕೊ" ಅಂತಲೇ ಕಾಣುತ್ತವೆ, ಆದರೆ ಸರ್ವರಿನ ಪಾಲಿಗೆ ಬೇರೆ ಬೇರೆ ಲಿಂಕು. ಒಂದು ತೆರೆಯುತ್ತದೆ, ಇನ್ನೊಂದು 404. ಗುಮಾನಿ ಬಂದರೆ ಶೇಕಡಾ ರೂಪ ನೋಡಿ: `%E0%B3%8A` ಇದ್ದರೆ ಜೋಡಿಸಿದ ರೂಪ, `%E0%B3%86%E0%B3%82` ಇದ್ದರೆ ಒಡೆದದ್ದು. ಎಲ್ಲವನ್ನೂ ಜೋಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ, ತಂದು ಆಮೇಲೆ ಉಳಿಸಿದರೆ ಇದು ತಪ್ಪುತ್ತದೆ. ಹಾಗೆಯೇ "ಹೋಮ್‌ಸ್ಟೇ" ಅನ್ನುವಲ್ಲಿ ಮ್ ಮತ್ತು ಸ್ಟೇ ಕೂಡಿಕೊಳ್ಳದಿರಲೆಂದು ನಡುವೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಅಕ್ಷರ ಅಲ್ಲದ್ದನ್ನೆಲ್ಲ ಅಡ್ಡಗೆರೆ ಮಾಡು ಅಂತ ನಿಯಮ ಬರೆದಿದ್ದರೆ ಅದು "ಹೋಮ್-ಸ್ಟೇ" ಆಗುತ್ತದೆ. ಆ ಚಿಹ್ನೆಯನ್ನು ಅಡ್ಡಗೆರೆ ಮಾಡದೆ ಮೊದಲೇ ಅಳಿಸಿಹಾಕಬೇಕು.

ಇನ್ನು ಇಂಗ್ಲಿಷ್ ಅಕ್ಷರಗಳ ಮೇಲೆ ಬರುವ ಗುರುತುಗಳ ವಿಷಯ. ಕೊಡಗಿನ ಸೈಟಿಗೆ ಅದೆಲ್ಲ ಯಾಕೆ ಅನ್ನಬೇಡಿ. ಕಾಫಿಯ ಜಿಲ್ಲೆ ಇದು, `Café` ಅನ್ನುವ ಪದ ವಾರಕ್ಕೊಂದು ಶೀರ್ಷಿಕೆಯಲ್ಲಿ ಬರುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರು ಸಮಾಚಾರ"ವನ್ನು ತಂದ, ಆಮೇಲೆ ಕೊಡಗಿನಲ್ಲೂ ಕೆಲಸ ಮಾಡಿದ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರ ಹೆಸರನ್ನು ಜರ್ಮನ್ನಿನಲ್ಲಿ ಬರೆಯುವುದು `Mögling` ಎಂದು. ಊರಿನ ಇತಿಹಾಸ ಬರೆಯುವವರಿಗೆ ಅವರು ಎದುರಾಗದೇ ಇರುವುದಿಲ್ಲ.

ಇದಕ್ಕೆ ಎಲ್ಲರೂ ಬಳಸುವ ಮದ್ದು ಒಂದೇ. `é` ಅನ್ನು `e` ಮತ್ತು ಅದರ ಮೇಲಿನ ಗುರುತು ಅಂತ ಒಡೆದು, ಗುರುತುಗಳನ್ನೆಲ್ಲ ತೆಗೆದುಹಾಕುವುದು. ಆಗ `cafe` ಉಳಿಯುತ್ತದೆ. ಒಡೆಯದೆ ಹಾಗೇ ತೊಳೆದರೆ `caf` ಅಂತ ಬಾಲ ಕಳೆದುಕೊಂಡದ್ದು ಸಿಗುತ್ತದೆ. ಆದರೆ ಇದೇ ಮದ್ದು ಕನ್ನಡಕ್ಕೆ ವಿಷ. ಯೂನಿಕೋಡಿನ ಲೆಕ್ಕದಲ್ಲಿ ನಮ್ಮ ಗುಣಿತದ ಚಿಹ್ನೆಗಳೂ "ಗುರುತು"ಗಳೇ. ಎಲ್ಲ ಗುರುತು ತೆಗೆ ಅಂದರೆ ಒತ್ವವೂ ಹೋಯಿತು, ಉತ್ವವೂ ಹೋಯಿತು, "ಕೊಡಗು" ಹೋಗಿ "ಕಡಗ" ಆಯಿತು. ಕೈಗೆ ಹಾಕಿಕೊಳ್ಳುವ ಕಡಗ! ಪೈಥಾನಿನ `\w` ಕೂಡ ಈ ಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ. ಹಾಗಾಗಿ ಜ್ಯಾಂಗೊದ `slugify` ಗೆ `allow_unicode=True` ಎಂದು ಕೊಟ್ಟರೂ ಸಿಗುವುದು ಕಡಗವೇ. ಆ ಸೂಚನೆ ಕೊಡದಿದ್ದರೆ ಏನೂ ಸಿಗುವುದಿಲ್ಲ, ಸ್ಲಗ್ ಪೂರ್ತಿ ಖಾಲಿ. ಮಡಿಕೇರಿ "ಮಡಕರ" ಆಗಿ ಕಾಣಿಸಿದರೆ ಈ ತಪ್ಪಾಗಿದೆ ಎಂದು ತಿಳಿಯಿರಿ.

ಪರಿಹಾರ ಸುಲಭ. ಎಲ್ಲ ಗುರುತನ್ನೂ ತೆಗೆಯಬೇಡಿ, U+0300ರಿಂದ U+036Fವರೆಗಿನ ಗುರುತುಗಳನ್ನು ಮಾತ್ರ ತೆಗೆಯಿರಿ. ಯುರೋಪಿನ ಭಾಷೆಗಳ ಮೇಲುಗುರುತುಗಳು ಇರುವುದು ಅಲ್ಲಿ. ಕನ್ನಡದ್ದೆಲ್ಲ U+0C80ರಿಂದ U+0CFFವರೆಗೆ ಬೇರೆ ಮನೆ ಮಾಡಿಕೊಂಡಿದೆ. ನಾನು ಬಳಸುವುದು ಇಷ್ಟೇ:

```python
import re, unicodedata as u

def slug_kn(s):
    s = u.normalize("NFD", s)
    s = re.sub("[\u0300-\u036f]", "", s)
    s = u.normalize("NFC", s)
    s = re.sub("[\u200b-\u200d]", "", s)
    s = re.sub("[^0-9a-z\u0c80-\u0cff]+", "-", s.lower())
    return s.strip("-")
```

ಮೊದಲ ಸಾಲು ಎಲ್ಲವನ್ನೂ ಒಡೆಯುತ್ತದೆ, ಎರಡನೆಯದು ಮೇಲುಗುರುತು ತೆಗೆಯುತ್ತದೆ, ಮೂರನೆಯದು ಒಡೆದ ಒತ್ವವನ್ನು ಮತ್ತೆ ಜೋಡಿಸುತ್ತದೆ, ನಾಲ್ಕನೆಯದು ಕಾಣದ ಚಿಹ್ನೆಗಳನ್ನು ಅಳಿಸುತ್ತದೆ. ಕೊನೆಯಲ್ಲಿ ಉಳಿದ ಖಾಲಿ ಜಾಗ, ಪ್ರಶ್ನಾರ್ಥಕ, ಅಲ್ಪವಿರಾಮ ಎಲ್ಲ ಅಡ್ಡಗೆರೆ. ಈ ಸಾಲುಗಳ ಕ್ರಮ ತಪ್ಪಿಸಬೇಡಿ.

ಇದರಿಂದಲೂ ಬಗೆಹರಿಯದ್ದು ಎರಡಿದೆ. `ø`, `ł`, `đ`, `ß`, `æ` ಇವು ಒಡೆಯುವುದೇ ಇಲ್ಲ, ಯಾಕೆಂದರೆ ಅಲ್ಲಿ ಗುರುತು ಮೇಲೆ ಕೂತಿಲ್ಲ, ಅಕ್ಷರವೇ ಹಾಗಿದೆ. ಮೇಲಿನ ಕೋಡಿಗೆ `Straße` ಕೊಟ್ಟರೆ `stra-e` ಬರುತ್ತದೆ. ಇವಕ್ಕೆ ಒಂದು ಪುಟ್ಟ ಪಟ್ಟಿ ಮಾಡಿ ಮೊದಲೇ ಬದಲಿಸಬೇಕು. ಇನ್ನೊಂದು ನಮ್ಮ ಮೋಗ್ಲಿಂಗರದೇ. ಗುರುತು ತೆಗೆದರೆ `mogling`. ಆದರೆ ಜರ್ಮನ್ ರೂಢಿಯಲ್ಲಿ `ö` ಇಲ್ಲದ ಕಡೆ `oe` ಬರೆಯುತ್ತಾರೆ, ಹಾಗಾಗಿ ಅವರ ಹೆಸರು ಇಂಗ್ಲಿಷ್ ಬರಹಗಳಲ್ಲಿ `Moegling` ಅಂತ ಕಾಣುವುದೇ ಹೆಚ್ಚು. ಎಲ್ಲ `ö`ಗೂ `oe` ಅಂತ ನಿಯಮ ಮಾಡಿದರೆ ಸ್ವೀಡನ್ನಿನ, ತುರ್ಕಿಯ ಹೆಸರುಗಳು ಕೆಡುತ್ತವೆ. ಇಂಥವನ್ನು ಹೆಸರು ಹಿಡಿದು ಅಪವಾದದ ಪಟ್ಟಿಗೆ ಸೇರಿಸುವುದೇ ಸರಿ. ಆ ಪಟ್ಟಿ ಮುಂದೆ ಇನ್ನೊಂದು ಕೆಲಸಕ್ಕೂ ಬರುತ್ತದೆ.

ಅದು ಎರಡನೇ ದಾರಿ, ಕನ್ನಡವನ್ನು ತಾನಾಗಿಯೇ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುವುದು. ದಿನಕ್ಕೆ ಹತ್ತು ಸುದ್ದಿ ಹಾಕುವವರಿಗೆ ಇದೇ ಅಚ್ಚುಮೆಚ್ಚು, ಯಾರೂ ಕೂತು ಬರೆಯಬೇಕಾಗಿಲ್ಲ. ಮೆಣಸಿನ ಶೀರ್ಷಿಕೆ `kodagina-kafi-totadalli-karimenasu-balli` ಆಗುತ್ತದೆ, 283ರ ಜಾಗದಲ್ಲಿ 40. ಎಲ್ಲಿ ಅಂಟಿಸಿದರೂ ಹಾಗೇ ಉಳಿಯುತ್ತದೆ.

ಆದರೆ ಸಿಕ್ಕಿದ ಪರಿವರ್ತಕವನ್ನು ತಂದು ಜೋಡಿಸಬೇಡಿ. ಒಂದು ಸಂಕೇತಕ್ಕೆ ಒಂದು ಅಕ್ಷರ ಅಂತ ಕಣ್ಣುಮುಚ್ಚಿ ಹಾಕುತ್ತಾ ಹೋಗುವವು ಬೇಕಾದಷ್ಟಿವೆ, ಅವಕ್ಕೆ ನಮ್ಮ ವ್ಯಂಜನದೊಳಗಿನ "ಅ" ಗೊತ್ತಿಲ್ಲ. "ನಗರ" ಕೊಟ್ಟರೆ `ngr` ಬರುತ್ತದೆ. ಪರೀಕ್ಷೆಗೆ ಆ ಒಂದು ಪದ ಸಾಕು. ಸರಿಯಾದ ವಿಧಾನ ಮುಂದಿನ ಚಿಹ್ನೆಯನ್ನು ನೋಡಿ ತೀರ್ಮಾನಿಸುತ್ತದೆ. ಭಾಗಮಂಡಲವನ್ನೇ ತೆಗೆದುಕೊಳ್ಳಿ. "ಭ" ಬಂತು, ಮುಂದೆ ದೀರ್ಘದ ಚಿಹ್ನೆ ಇದೆ, ಹಾಗಾಗಿ `bh` ಬರೆದು ಸ್ವರವನ್ನು ಆ ಚಿಹ್ನೆಗೆ ಬಿಡು, `bha`. "ಗ" ಬಂತು, ಮುಂದೆ ಚಿಹ್ನೆ ಇಲ್ಲ, ಹಾಗಾಗಿ ನಾವೇ `a` ಸೇರಿಸಬೇಕು, `ga`. "ಮ"ಕ್ಕೂ ಹಾಗೆಯೇ `ma`. ಈಗ ಸೊನ್ನೆ. ಸೊನ್ನೆಯ ಮುಂದೆ ಪ, ಫ, ಬ, ಭ, ಮ ಬಂದರೆ `m`, ಬೇರೆ ಯಾವುದಾದರೂ `n`. ಇಲ್ಲಿ ಮುಂದಿರುವುದು "ಡ", ಹಾಗಾಗಿ `n`. ಆಮೇಲೆ `da`, `la`. `bhagamandala` ಸಿಕ್ಕಿತು. ಅದೇ ನಿಯಮದಲ್ಲಿ ಕಡಂಬುಟ್ಟು `kadambuttu` ಆಗುತ್ತದೆ, ಪಂದಿ `pandi` ಆಗುತ್ತದೆ. ವ್ಯಂಜನದ ಮುಂದೆ ಅರ್ಧಾಕ್ಷರದ ಚಿಹ್ನೆ ಇದ್ದರೆ `a` ಸೇರಿಸಬಾರದು ಅನ್ನುವುದೊಂದು ನೆನಪಿದ್ದರೆ ಒತ್ತಕ್ಷರಗಳೂ ತಾವಾಗಿಯೇ ಸರಿಯಾಗುತ್ತವೆ. ಕನ್ನಡ ಓದಲು ಬರುವ ಯಾರೇ ಆದರೂ ಈ ಕೋಷ್ಟಕವನ್ನು ಅರ್ಧ ದಿನದಲ್ಲಿ ಬರೆಯಬಹುದು.

ಯಾವ ಅಕ್ಷರಕ್ಕೆ ಏನು ಅನ್ನುವುದರಲ್ಲಿ ಜಗಳ ಇದ್ದೇ ಇದೆ. ಭಾರತೀಯ ಲಿಪಿಗಳಿಗೆ ಐಎಸ್‌ಒ 15919 ಎಂಬ ಒಂದು ಪದ್ಧತಿ ಇದೆ, ವಿದ್ವಾಂಸರಿಗೆ ಅದು ಸರಿ. ಅದರಲ್ಲಿ "ಚ"ಕ್ಕೆ ಬರೀ `c`. ಗುರುತುಗಳನ್ನು ತೆಗೆದರೆ ಚೆಟ್ಟಳ್ಳಿ `cettalli` ಆಗುತ್ತದೆ, ಕುಶಾಲನಗರದ "ಶಾ" `sa` ಆಗುತ್ತದೆ. ನಮ್ಮವರು ಹಾಗೆ ಬರೆಯುವುದಿಲ್ಲ, ಓದುವುದೂ ಇಲ್ಲ. ಅದಕ್ಕೆ ನನ್ನ ಕೋಷ್ಟಕದಲ್ಲಿ "ಚ"ಕ್ಕೆ `ch`, "ಶ", "ಷ" ಎರಡಕ್ಕೂ `sh`, ಮತ್ತು "ಫ"ಕ್ಕೆ `f`, ಯಾಕೆಂದರೆ ಈಗಿನ ಕನ್ನಡದಲ್ಲಿ "ಫ" ಬರುವುದು ಹೆಚ್ಚಾಗಿ ಕಾಫಿ, ಆಫೀಸು ಥರದ ಪದಗಳಲ್ಲಿ. "ತ"ಕ್ಕೆ `t` ಇಟ್ಟಿದ್ದೇನೆ. ಪುತ್ತರಿಯನ್ನು `Puthari` ಅಂತ ಬರೆಯುವ ರೂಢಿ ನಮ್ಮಲ್ಲಿ ಇದೆ, ಗೊತ್ತು, ಆದರೆ `th` ಹಿಡಿದರೆ "ತ್ತ" ಬಂದಲ್ಲೆಲ್ಲ `thth` ನೋಡಬೇಕಾಗುತ್ತದೆ. "ಕೃಷಿ"ಗೆ `krushi` ಬೇಡ, `krishi` ಇರಲಿ.

ಊರ ಹೆಸರು ಬಂದಾಗ ಯಾವ ಕೋಷ್ಟಕವೂ ನಿಲ್ಲುವುದಿಲ್ಲ. ವಿರಾಜಪೇಟೆ `virajapete` ಆಗುತ್ತದೆ, ಬಸ್ಸಿನ ಬೋರ್ಡಿನಲ್ಲಿ ಇರುವುದು `Virajpet`. ಸೋಮವಾರಪೇಟೆ `Somwarpet`, ಕುಶಾಲನಗರ `Kushalnagar`, ಪೊನ್ನಂಪೇಟೆ `Ponnampet`. ಇವನ್ನೆಲ್ಲ ಮೋಗ್ಲಿಂಗರ ಜೊತೆಗೆ ಅಪವಾದದ ಪಟ್ಟಿಗೆ ಹಾಕಿ, ಕೋಷ್ಟಕಕ್ಕೆ ಮುಂಚೆ ಆ ಪಟ್ಟಿ ನೋಡುವಂತೆ ಮಾಡಿ. ಇಂಗ್ಲಿಷಿನಿಂದ ಬಂದ ಪದಗಳಿಗೂ ಅಷ್ಟೇ. ಹೋಮ್‌ಸ್ಟೇ `homste` ಆಗಿಬಿಡುತ್ತದೆ, ಫಿಲ್ಟರ್ ಕಾಫಿ `filtar-kafi`. ಟ್ರೆಕ್ಕಿಂಗ್ ಮಾತ್ರ ಅದೃಷ್ಟವಶಾತ್ `trekking` ಆಗಿಯೇ ಬರುತ್ತದೆ. ನನ್ನ ಪಟ್ಟಿಯಲ್ಲಿ ಈಗ ನೂರರ ಹತ್ತಿರ ಪದಗಳಿವೆ, ತಿಂಗಳಿಗೆ ಒಂದೆರಡು ಸೇರುತ್ತವೆ. ಒಂದು ಎಚ್ಚರ: ವಿಭಕ್ತಿ ಹತ್ತಿದ "ವಿರಾಜಪೇಟೆಯಲ್ಲಿ" ಅನ್ನುವುದು ಪಟ್ಟಿಯ "ವಿರಾಜಪೇಟೆ"ಗೆ ಹೊಂದುವುದಿಲ್ಲ. ಪದದ ಮೊದಲ ಭಾಗ ಹೊಂದಿದರೂ ಸಾಕು, ಬಾಲ ಬಿಟ್ಟುಬಿಡು ಎಂದು ಬರೆದುಕೊಳ್ಳಬೇಕು. ಊರ ಹೆಸರಿಗೆ ಇದು ಚೆನ್ನಾಗಿ ನಡೆಯುತ್ತದೆ, ಎರಡು ಅಕ್ಷರದ ಪುಟ್ಟ ಪದಗಳಿಗೆ ಬೇಡ.

ಈ ದಾರಿಯ ನಿಜವಾದ ಬೆಲೆ ತೆರಬೇಕಾದದ್ದು ಎರಡನೇ ಮಾನದಂಡದಲ್ಲಿ. ಬೆಲೆ ಅಂದೆ ನೋಡಿ, ಆ ಪದವೇ ಉದಾಹರಣೆ. ಇಂಗ್ಲಿಷ್ ಅಕ್ಷರಕ್ಕೆ ಬಂದೊಡನೆ ಹ್ರಸ್ವ ದೀರ್ಘದ, ಲಕಾರ ಳಕಾರದ ವ್ಯತ್ಯಾಸ ಹೊರಟುಹೋಗುತ್ತದೆ. ಬೆಲೆ, ಬೆಳೆ, ಬೇಳೆ ಮೂರೂ `bele`. ಕಲ್ಲು ಮತ್ತು ಕಳ್ಳು ಎರಡೂ `kallu`. ನಾನು ನೋಡಿಕೊಳ್ಳುವ ಸುದ್ದಿ ಸೈಟೊಂದರಲ್ಲಿ "ಕಾಫಿ ಬೆಲೆ ಏರಿಕೆ" ಎಂಬ ಸುದ್ದಿ ಇತ್ತು. ವಾರ ಕಳೆದ ಮೇಲೆ "ಕಾಫಿ ಬೆಳೆ ಏರಿಕೆ" ಅಂತ ಇನ್ನೊಂದು ಬಂತು. ಎರಡಕ್ಕೂ `kafi-bele-erike`. ಸೈಟು ತನ್ನ ಪಾಡಿಗೆ ಎರಡನೆಯದಕ್ಕೆ `-2` ಹಚ್ಚಿತು. ಆಗ ಯಾರ ಗಮನಕ್ಕೂ ಬರಲಿಲ್ಲ. ಆಮೇಲೆ ಯಾರೋ ಹಂಚುವಾಗ `-2` ಬಿಟ್ಟುಹೋಗಿ, ಬೆಳೆ ಎಷ್ಟು ಬಂತು ನೋಡೋಣ ಅಂತ ಒತ್ತಿದವರಿಗೆ ಹಳೆಯ ಬೆಲೆ ಸಿಕ್ಕಿತು. ಬೆಲೆಯ ವಿಷಯದಲ್ಲಿ ಒಂದು ವಾರ ಹಳೆಯದು ಅಂದರೆ ಬೆಳೆಗಾರನಿಗೆ ಸಣ್ಣ ಮಾತಲ್ಲ. ಈಗ ಅಲ್ಲಿ ಡಿಕ್ಕಿ ಹೊಡೆದರೆ `-2` ಹಾಕುವುದಿಲ್ಲ, ಸಂಪಾದಕರ ಮುಂದೆ ಎರಡೂ ಶೀರ್ಷಿಕೆ ತಂದು ನಿಲ್ಲಿಸಿ ಬೇರೆ ಪದ ಕೇಳುತ್ತದೆ. ಬೆಲೆಗೆ `dara`, ಬೆಳೆಗೆ `fasalu`, ಸಾಕು.

ಇನ್ನೊಂದು ಬಲೆ ಇದೆ, ಹಳೆಯ ಫಾಂಟಿನಿಂದ ಯೂನಿಕೋಡಿಗೆ ತಂದ ಬರಹಗಳಲ್ಲಿ ಹೆಚ್ಚು. ಅನುಸ್ವಾರದ ಸೊನ್ನೆಯ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಅಂಕಿಗಳನ್ನು ತಿರುಗಿಸುವ ಪರಿವರ್ತಕ ಮಾತ್ರ ಮೋಸ ಹೋಗುವುದಿಲ್ಲ, "ಪಂದಿ ಕರಿ" ಅಡುಗೆಯ ಸ್ಲಗ್ಗು `pa0di-kari` ಅಂತ ಬರುತ್ತದೆ. ಅಕ್ಷರದ ಬೆನ್ನಿಗೆ U+0CE6 ಕಂಡರೆ ಅದನ್ನು U+0C82 ಮಾಡು ಎಂಬ ಒಂದು ಸಾಲನ್ನು ಕೋಷ್ಟಕದ ಮುಂಚೆ ಸೇರಿಸಿ.

ಮೂರನೆಯದು ಕೈಯಲ್ಲೇ ಬರೆಯುವ ಸ್ಲಗ್ಗು. ಇಂಗ್ಲಿಷ್ ಅನುವಾದವೇ ಆಗಬೇಕೆಂದಿಲ್ಲ, ಓದುಗರು ಫೋನಿನಲ್ಲಿ ಹುಡುಕುವಾಗ ಬೆರಳಿಗೆ ಬರುವ ಪದಗಳು ಸಾಕು. ಪಂದಿ ಕರಿಯನ್ನು ಯಂತ್ರ `pandi-kari` ಮಾಡುತ್ತದೆ, ಊಟ ಹುಡುಕುವ ಪ್ರವಾಸಿ ಬರೆಯುವುದು `pandi curry`. ಹೋಮ್‌ಸ್ಟೇ ನಡೆಸುವ ಅಕ್ಕನೊಬ್ಬರಿಗೆ ನಾನು ಹೇಳಿದ್ದು ಇದನ್ನೇ. ಅವರ ಸೈಟಿನಲ್ಲಿ ಇರುವುದೇ ಹನ್ನೆರಡು ಪುಟ: ಕೋಣೆ, ಊಟ, ದಾರಿ, ಸುತ್ತ ನೋಡುವ ಜಾಗಗಳು. ಹನ್ನೆರಡಕ್ಕೂ ಅವರೇ ಕೂತು `rooms`, `pandi-curry`, `talakaveri`, `how-to-reach` ಅಂತ ಬರೆದರು, ಒಂದು ಕಾಫಿ ಮುಗಿಯುವಷ್ಟರಲ್ಲಿ ಕೆಲಸ ಮುಗಿಯಿತು. ಫೋನಿನಲ್ಲಿ ಕೇಳಿದವರಿಗೆ ಬಾಯಲ್ಲೇ ಹೇಳುತ್ತಾರೆ. ಕೋಡಿಲ್ಲ, ಖರ್ಚಿಲ್ಲ.

ಇದೇ ದಾರಿ ದಿನಪತ್ರಿಕೆಯಂಥ ಸೈಟಿನಲ್ಲಿ ಒಂದು ವಾರವೂ ಬಾಳುವುದಿಲ್ಲ. ರಾತ್ರಿ ಹತ್ತಕ್ಕೆ ಸುದ್ದಿ ಹಾಕುವ ಹುಡುಗ ಸ್ಲಗ್ ಕೇಳಿದ ಜಾಗದಲ್ಲಿ `news1`, `newss` ಅಂತ ಒತ್ತಿ ಮಲಗುತ್ತಾನೆ. ಸಂಸ್ಕೃತಿಯ ಬರಹಗಳಿಗೂ ಇಂಗ್ಲಿಷ್ ಅನುವಾದ ಒಗ್ಗುವುದಿಲ್ಲ. ಕೈಲ್ ಪೊಳ್ದ್ ಹಬ್ಬವನ್ನು `festival-of-arms` ಅಂತ ಬರೆದರೆ ಕೊಡವರೂ ಗುರುತಿಸುವುದಿಲ್ಲ, ಹೊರಗಿನವರೂ ಹುಡುಕುವುದಿಲ್ಲ. ಆ ಹಬ್ಬದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ ಅನ್ನುವುದು ಬೇರೆ ಮಾತು. ಸೈಟಿನೊಳಗೆ ಒಂದೇ ಕಾಗುಣಿತ ಹಿಡಿದರೆ ಸಾಕು.

ನಾಲ್ಕನೆಯದು ನಂಬರ್, ಜೊತೆಗೆ ಅಲಂಕಾರಕ್ಕೆ ಸ್ಲಗ್ಗು. `/2417/kafi-bele-erike` ಅಂತ. ಸರ್ವರು ನೋಡುವುದು 2417 ಮಾತ್ರ, ಹಿಂದಿನ ಪದಗಳು ಮನುಷ್ಯರಿಗೆ. ಸ್ಟ್ಯಾಕ್ ಓವರ್‌ಫ್ಲೋದ ಪ್ರಶ್ನೆಗಳ ಲಿಂಕು ಹೀಗೇ ಇರುತ್ತದೆ. ಬೆಲೆ ಬೆಳೆಯ ಡಿಕ್ಕಿ ಇಲ್ಲಿ ಆಗುವುದೇ ಇಲ್ಲ, ವಾಟ್ಸಾಪಿನಲ್ಲಿ ಬಾಲ ತುಂಡಾದರೂ ಪುಟ ತೆರೆಯುತ್ತದೆ, ಶೀರ್ಷಿಕೆ ತಿದ್ದಿದರೂ ಲಿಂಕು ಮುರಿಯುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಲಿಂಕಿನ ಮಾದರಿಯನ್ನು `/%post_id%/%postname%/` ಎಂದು ಇಟ್ಟರೆ ನಂಬರ್ ಬರುತ್ತದೆ. ತೊಡಕು ಒಂದೇ, ಒಂದೇ ಪುಟಕ್ಕೆ ಹತ್ತು ರೂಪದ ಲಿಂಕು ಓಡಾಡದಂತೆ ಎಲ್ಲವನ್ನೂ ಸರಿಯಾದ ಒಂದಕ್ಕೆ ತಿರುಗಿಸಬೇಕು. ಸ್ವಂತ ಕೋಡಿನ ಸೈಟಾದರೆ ಅದಕ್ಕೆ ಬಲ್ಲವರ ಒಂದು ದಿನದ ಕೂಲಿ ಎತ್ತಿಡಿ. ಬೋರ್ಡಿಗೆ ಮಾತ್ರ ಇದು ಬೇಡ, ಗೇಟಿನ ಮೇಲಿನ ನಂಬರನ್ನು ಯಾರೂ ನೆನಪಿಡುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು? ಪುಟಗಳು ಮೂವತ್ತರೊಳಗಿದ್ದು ಅಪರೂಪಕ್ಕೆ ಬದಲಾಗುವ ಹೋಮ್‌ಸ್ಟೇ, ಅಂಗಡಿ, ತೋಟದ ಸೈಟಿಗೆ ಕೈಬರಹದ ಸ್ಲಗ್ಗೇ ಸರಿ, ಬೇರೆ ಯೋಚನೆ ಬೇಡ. ದಿನಾ ಸುದ್ದಿ ಹಾಕುವವರಿಗೆ ನಂಬರ್ ಮತ್ತು ಯಂತ್ರದ ಅಕ್ಷರಾಂತರ ಎರಡೂ ಸೇರಿರಲಿ. ನಂಬರ್ ಹಾಕಲು ಆಗದಿದ್ದರೆ ವರ್ಷ, ತಿಂಗಳು, ದಿನವಾದರೂ ಲಿಂಕಿನಲ್ಲಿ ಇರಲಿ, ಹಳೆಯ ಬೆಲೆಯನ್ನು ಹೊಸದೆಂದು ನಂಬುವುದು ತಪ್ಪುತ್ತದೆ. ಕಥೆ, ಕವನ, ಜಾನಪದ, ಕೊಡವ ತಕ್ಕ್‌ನ ಪದಗಳ ಸಂಗ್ರಹದಂಥದ್ದು ಮಾಡುತ್ತಿದ್ದರೆ, ಓದುಗರು ಎಲ್ಲ ಕನ್ನಡ ಲಿಪಿ ಬಲ್ಲವರೇ ಆಗಿದ್ದರೆ, ಕನ್ನಡ ಸ್ಲಗ್ಗನ್ನೇ ಇಡಿ, ಎರಡು ಮೂರು ಪದದೊಳಗೆ. ಅಲ್ಲಿ ಕಲ್ಲು ಮತ್ತು ಕಳ್ಳು ಬೇರೆ ಬೇರೆಯಾಗಿ ಉಳಿಯುವುದೇ ಮುಖ್ಯ. ವಾಟ್ಸಾಪಿನಲ್ಲಿ ಲಿಂಕಿನ ಜೊತೆ ಚಿತ್ರ, ಶೀರ್ಷಿಕೆ ಬಂದರೆ ಶೇಕಡಾ ಚಿಹ್ನೆಗಳ ಸಾಲನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ನೆಟ್‌ವರ್ಕ್ ಸಿಗದ ಕಡೆ ಆ ಚಿತ್ರ ಬರುವುದಿಲ್ಲ, ನಮ್ಮ ಕಡೆ ಅಂಥ ಜಾಗಕ್ಕೆ ಬರವಿಲ್ಲ.

ಯಾವುದನ್ನೇ ಹಿಡಿದರೂ ಸ್ಲಗ್ಗನ್ನು ಬರಹ ಪ್ರಕಟವಾಗುವ ಹೊತ್ತಿಗೆ ಒಮ್ಮೆ ಮಾಡಿ ಉಳಿಸಿಡಿ, ಪ್ರತಿ ಸಲ ಶೀರ್ಷಿಕೆಯಿಂದ ಹೊಸದಾಗಿ ತಯಾರಿಸಬೇಡಿ. ಇಲ್ಲದಿದ್ದರೆ ಕೋಷ್ಟಕದಲ್ಲಿ "ಫ"ವನ್ನು `ph`ನಿಂದ `f`ಗೆ ಬದಲಿಸಿದ ದಿನ ಕಾಫಿಯ ಹೆಸರಿರುವ ಹಳೆಯ ಲಿಂಕುಗಳೆಲ್ಲ ಒಟ್ಟಿಗೆ ಸಾಯುತ್ತವೆ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ತಿರುವು ಹಾಕಿ, ಅದನ್ನು ತೆಗೆಯಬೇಡಿ.

ತೀರ್ಮಾನಿಸುವ ಮುಂಚೆ ನಿಮ್ಮ ಸೈಟಿಗೆ ಆರು ಶೀರ್ಷಿಕೆ ಕೊಟ್ಟು ನೋಡಿ: "ಕೊಡಗು", "ನಗರ", "ಹೋಮ್‌ಸ್ಟೇ", "ಕಾಫಿ ಬೆಲೆ", "ಕಾಫಿ ಬೆಳೆ", ಮತ್ತು "`Café` ಮತ್ತು `Mögling`". ಮೊದಲನೆಯದರಲ್ಲಿ ಕಡಗ ಬಂದರೆ ಗುರುತು ತೆಗೆಯುವ ಸಾಲು ತಪ್ಪಿದೆ. ಎರಡನೆಯದು `ngr` ಆದರೆ ಪರಿವರ್ತಕವನ್ನೇ ಬಿಸಾಕಿ. ಮೂರನೆಯದರ ನಡುವೆ ಅಡ್ಡಗೆರೆ ಬಂದರೆ ಕಾಣದ ಚಿಹ್ನೆ ಉಳಿದಿದೆ. ನಾಲ್ಕು ಐದು ಒಂದೇ ಆದರೆ ಏನು ಮಾಡಬೇಕೆಂದು ಈಗಲೇ ನಿಶ್ಚಯಿಸಿ. ಕೊನೆಯದರಲ್ಲಿ `caf` ಮಾತ್ರ ಕಂಡರೆ ಒಡೆಯುವ ಮುಂಚೆಯೇ ತೊಳೆದಿದ್ದೀರಿ, ಸಾಲುಗಳ ಕ್ರಮವನ್ನು ಮತ್ತೊಮ್ಮೆ ನೋಡಿ.